ಬಿಡುವಿನ ಆಟದ ಟಿಪ್ಪಣಿ: ಎಲ್‌ಕೆಜಿ, ದಾವಣಗೆರೆ

ಮಂಗಳವಾರ, 10:30ರಿಂದ 11:10

ಚಿನ್ನು (4 ವರ್ಷ 5 ತಿಂಗಳು), ಅಡುಗೆ ಮೂಲೆ: ಜೇಡಿಮಣ್ಣಿನಲ್ಲಿ ಬೆಣ್ಣೆದೋಸೆ ತಟ್ಟಿದಳು. ನಾಲ್ಕು ತಟ್ಟೆ ಇಟ್ಟು ಒಂದೊಂದಕ್ಕೆ ಒಂದೊಂದು ದೋಸೆ ಹಾಕಿದಳು. ಒಂದು ತಟ್ಟೆ ಖಾಲಿ ಉಳಿಯಿತು. "ತಡೀರಿ ಅಣ್ಣಾ, ಇನ್ನೊಂದು ಬೇಕು" ಅಂದಳು. ಬಾಯಲ್ಲಿ ಎಣಿಸಲಿಲ್ಲ, ಆದರೆ ಒಂದಕ್ಕೊಂದು ಹೊಂದಿಸುವುದು ಬಂದಿದೆ. ಹತ್ತರವರೆಗೆ ಬಾಯಿಪಾಠ ಒಪ್ಪಿಸುವುದಕ್ಕಿಂತ ಇದು ದೊಡ್ಡ ಕಲಿಕೆ ಅನ್ನಿಸುತ್ತದೆ. ನಾಳೆ: ಐದಾರು ಲೋಟ ಅಲ್ಲೇ ಇಡುವುದು. ನಾನು ಏನೂ ಹೇಳಬಾರದು.

ಪುಟ್ಟು, ಬ್ಲಾಕ್ಸ್: ಗೋಪುರ ಮೂರು ಸಲ ಬಿತ್ತು. ಆಮೇಲೆ ದೊಡ್ಡ ಬ್ಲಾಕನ್ನು ಕೆಳಗಿಟ್ಟ. ನಿಂತಿತು. ಯಾರೂ ಹೇಳಿಕೊಟ್ಟಿರಲಿಲ್ಲ.

ಮುನ್ನಿ: ಹೊಸಬಳು, ಮನೆಮಾತು ಉರ್ದು. ತುಂಬಾ ಹೊತ್ತು ಕಿಟಕಿ ಹತ್ತಿರ ನಿಂತು ಚಿನ್ನುವಿನ ದೋಸೆ ಅಂಗಡಿ ನೋಡಿದಳು. ಸುಮ್ನೆ ನಿಂತಿದ್ದಳು ಅಂತ ಬರೆಯಲಾರೆ. ನೋಡುವುದೂ ಆಟಕ್ಕೆ ಸೇರುವ ದಾರಿ ಅಲ್ವಾ? ಕೊನೆಗೆ ಕೈ ಚಾಚಿ "ದೋಸಾ" ಅಂದಳು. ಚಿನ್ನು ಕೊಟ್ಟಳು. ಶಾಲೆಯಲ್ಲಿ ಅವಳ ಬಾಯಿಂದ ನಾನು ಕೇಳಿದ ಮೊದಲ ಮಾತು! ಕರೆದುಕೊಂಡು ಹೋಗಲು ಬಂದಾಗ ಅವರಮ್ಮನಿಗೆ ಹೇಳಬೇಕು.

ಮರಳು ಗುಂಡಿಯ ಮಕ್ಕಳನ್ನು ಗುರುವಾರ ನೋಡುವುದು.