ಅಜ್ಜನ ಇನ್‌ಲ್ಯಾಂಡ್ ಪತ್ರ, 1964: ಫೋಟೊ ನೋಡಿ ಟೈಪು ಮಾಡಿದ ಪ್ರತಿ

ಭಾವನಿಗೆ ನಮಸ್ಕಾರಗಳು.

ಅತ್ತೆಯ ಪೆಟ್ಟಿಗೆಯಲ್ಲಿ ಸಿಕ್ಕಿತೆಂದು ನೀವು ಕಳುಹಿಸಿದ ಮೂರು ಫೋಟೊಗಳನ್ನೂ ಓದಿ, ಪತ್ರವನ್ನು ಪೂರ್ತಿ ಟೈಪು ಮಾಡಿದ್ದೇನೆ. ಅಜ್ಜ ಪೆನ್ನು ಎತ್ತದೆ ಬರೆಯುತ್ತಿದ್ದರು. ಒಂದು ಅಕ್ಷರದ ಬಾಲವೇ ಮುಂದಿನ ಅಕ್ಷರದ ತಲೆಕಟ್ಟಾಗಿದೆ. ಎರಡು ಮಡಿಕೆಗಳಲ್ಲಿ ಮಸಿ ಹರಡಿದೆ, ಅಂಟು ಬಿಡಿಸುವಾಗ ಮೇಲಿನ ಅಂಚು ಹರಿದಿದೆ.

ಚೌಕ ಆವರಣದೊಳಗೆ ಇರುವುದೆಲ್ಲ ನನ್ನ ಗುರುತು. ಸಂದೇಹವಿರುವ ಪದದ ಜೊತೆ ಪ್ರಶ್ನೆಚಿಹ್ನೆ ಇದೆ. ಎರಡು ರೀತಿ ಓದಬಹುದಾದಲ್ಲಿ ಎರಡನ್ನೂ ಓರೆಗೆರೆಯ ಆಚೀಚೆ ಕೊಟ್ಟಿದ್ದೇನೆ. ನನಗೆ ಹೆಚ್ಚು ಸರಿ ಎನಿಸಿದ್ದು ಮೊದಲು ಬಂದಿದೆ, ಒಂದು ಕಡೆ ಬಿಟ್ಟು. ಅದರ ಬಗ್ಗೆ ಕೆಳಗೆ ಬರೆದಿದ್ದೇನೆ. ಓದಲಾಗದ ಜಾಗದಲ್ಲಿ ಚುಕ್ಕಿಗಳಿವೆ. ಅಜ್ಜನ ಕಾಗುಣಿತವನ್ನು ತಿದ್ದಿಲ್ಲ. ‘ಯೆಂದು’, ‘ಯಿರುತ್ತದೆ’ ಎಂದೇ ಅವರು ಬರೆಯುತ್ತಿದ್ದರು.

|| ಶ್ರೀ ||

[… ಊರಿನ ಹೆಸರು ಹರಿದ ಅಂಚಿನಲ್ಲಿ ಹೋಗಿದೆ], ಸಾಗರ ತಾ||
ಶೋಭಕೃತು ಸಂ||
ತಾ|| ೧೧-[೨ / ೩]-೬೪, ಮಂಗಳವಾರ

ಚಿ|| ಸೌ|| ಮಗಳು ಸಾವಿತ್ರಿಗೆ ನಿನ್ನ ತಂದೆ ಮಾಡುವ ಆಶೀರ್ವಾದಗಳು. ಯಿತ್ತಲಾಗೆ ನಾವು ಯೆಲ್ಲರೂ ಕ್ಷೇಮ. ನಿಮ್ಮ ಕ್ಷೇಮ ಸಮಾಚಾರಕ್ಕೆ ಆಗಾಗ್ಗೆ ಬರೆಯುತ್ತಿರುವುದು.

ತರುವಾಯ, ನಿನ್ನ ಕಾಗದ ತಲುಪಿ ವಿಷಯ ತಿಳಿಯಿತು. ನಿನಗೆ ಯೇಳನೇ ತಿಂಗಳು ಯೆಂದು ಓದಿ ನಿನ್ನ ತಾಯಿಗೆ ಸಂತೋಷವೂ ಅಷ್ಟೇ [ಕಳವಳವೂ ?] ಆಗಿದೆ. ಚೊಚ್ಚಲ ಬಾಣಂತನ ತೌರುಮನೆಯಲ್ಲಿ ಆಗತಕ್ಕದ್ದು. ಆ ಮನೆಯೇ ಮಳೆಗಾಲದ ಹೊತ್ತಿಗೆ ನೀರಿನಲ್ಲಿ ಯಿರುತ್ತದೆ ಯೆಂದು ಹೇಳುತ್ತಾರೆ.

ಸರ್ವೆಯವರು ಪುನಃ ಬಂದಿದ್ದರು. ನೀರು ನಿಲ್ಲುವ ಮಟ್ಟ ೧೮೧[೯ / ೬] ಅಡಿ ಯೆಂತಲೂ, ದಣಪೆಯ ಮೇಲ್ಗಡೆ ನೆಟ್ಟ ಕಲ್ಲಿನಿಂದ ಕೆಳಗೆ ಯಿರುವುದೆಲ್ಲ ಮುಳುಗಡೆ ಯೆಂತಲೂ ಹೇಳಿ ಹೋದರು. ತೋಟ ಪೂರಾ ಹೋಗುತ್ತದೆ. ಸೊಪ್ಪಿನ ಬೆಟ್ಟ ಮಾತ್ರ ಉಳಿಯುತ್ತದೆ. ತೋಟವಿಲ್ಲದ ಮೇಲೆ ಸೊಪ್ಪು ತಂದು ಯಾವ ಮರದ ಬುಡಕ್ಕೆ ಹಾಕುವುದು. ಪರಿಹಾರದ ಹಣ ಒಂದು ಕಂತು ರೂ [… ಮೂರು ಅಥವಾ ನಾಲ್ಕು ಅಂಕಿ, ಮಸಿ ಹರಡಿದೆ] ಕೈಗೆ ಬಂತು. ಸಾಮಾನು ಸಾಗಿಸಲು ಗಾಡಿ [… ೯ ?] ಗೊತ್ತು ಮಾಡಿಯಿದೆ.

ಕೊನೆಕೊಯ್ಲು ಮುಗಿಯಿತು. ಕೊನೆಗೌಡ ಕಡೆಯ ಮರದಿಂದ ಯಿಳಿದವನು ಬುಡ ಮುಟ್ಟಿ ಕಣ್ಣಿಗೊತ್ತಿಕೊಂಡ. ನಿನ್ನ ತಾಯಿ ನಿನ್ನೆ ಬಾವಿಕಟ್ಟೆಯನ್ನು [ತೊಳೆದು / ತೆಗೆದು] ರಂಗೋಲಿ ಯಿಟ್ಟಳು. ಮುಳುಗುವ ಬಾವಿಗೆ ಯಾಕೆ ಯೆಂದು ನಾನು ಕೇಳಲಿಲ್ಲ.

ನಾವು ಯಿಲ್ಲಿಂದ ಯೇಳುವುದಕ್ಕೆ ಮೊದಲು ನೀನು ಬಂದು ಮನೆ ನೋಡಿ ಹೋಗುವುದು [ಬೇಕು / ಬೇಡ]. ಗಾಡಿಯ ದಾರಿ ಬಹಳ ಕೆಟ್ಟಿದೆ. ಹೊಳೆಯ ದೋಣಿ ಸಂಜೆ ಐದರ ಮೇಲೆ ಯಿರುವುದಿಲ್ಲ. ಅಳಿಯಂದಿರು ತಿಳಿದವರು. ಅವರನ್ನು ಕೇಳಿ ನಡೆಯುವುದು.

ಹೆಚ್ಚಿಗೆ ಯೇನು ಬರೆಯಲಿ. ಯಿತಿ ನಿನ್ನ ತಂದೆ
[ಸಹಿ]

[ಎಡ ಅಂಚಿನಲ್ಲಿ, ಕಾಗದ ತಿರುಗಿಸಿ ಬರೆದದ್ದು:] ನೀನು ನೆಟ್ಟ [ಸುರಗಿ ?] ಗಿಡ ಸಣ್ಣದಿದೆ. ಬೇರು ಸಮೇತ ತೆಗೆದು ಹೊಸ ಜಾಗಕ್ಕೆ ಒಯ್ಯುತ್ತೇನೆ.

ಪತ್ರ ಇಲ್ಲಿಗೆ ಮುಗಿಯುತ್ತದೆ.

ತಾರೀಖಿನಲ್ಲಿ ಕನ್ನಡದ ಎರಡು ಮತ್ತು ಮೂರನ್ನು ಬೇರೆ ಮಾಡುವ ಒಳಸುಳಿಯ ಮೇಲೆಯೇ ಮಸಿ ಕೂತಿದೆ. ಸಂವತ್ಸರದ ಹೆಸರು ಸಹಾಯಕ್ಕೆ ಬರುವುದಿಲ್ಲ, ಫೆಬ್ರವರಿ 11 ಮತ್ತು ಮಾರ್ಚ್ 11 ಎರಡೂ ಶೋಭಕೃತುವಿನಲ್ಲೇ ಬೀಳುತ್ತವೆ. ವಾರ ಸಹಾಯಕ್ಕೆ ಬಂತು. 1964ರ ಫೆಬ್ರವರಿ 11 ಮಂಗಳವಾರ, ಮಾರ್ಚ್ 11 ಬುಧವಾರ. ಹಾಗಾಗಿ ಇದು ಫೆಬ್ರವರಿಯ ಪತ್ರ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಅಂಕಿ ಕಾಣದೆ ಇರುವುದರಿಂದ ಆವರಣ ಉಳಿಸಿದ್ದೇನೆ. 1819 ಅಡಿಯೂ ಹೀಗೆಯೇ. ಕಣ್ಣಿಗೆ ಒಂಬತ್ತೂ ಹೌದು, ಆರೂ ಹೌದು. ಲಿಂಗನಮಕ್ಕಿ ಜಲಾಶಯದ ಪೂರ್ಣ ಮಟ್ಟ 1819 ಅಡಿ ಎಂದು ಗೊತ್ತಿರುವುದರಿಂದ ಒಂಬತ್ತನ್ನು ಮೊದಲು ಇಟ್ಟೆ.

ಗಾಡಿಯ ಮುಂದಿನ ಒಂಬತ್ತು ಮಾತ್ರ ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿತು. ಅದು ಅಂಕಿಯಾದರೆ ಒಂಬತ್ತು ಗಾಡಿ ಸಾಮಾನು. ಆದರೆ ಅರ್ಕಾವತ್ತು ಬರೆದರೂ ಅದೇ ಆಕಾರ ಬರುತ್ತದೆ, ಅದರ ಹಿಂದೆ ಎರಡು ಅಕ್ಷರದಷ್ಟು ಜಾಗ ಅಳಿಸಿದೆ. ‘ಖರ್ಚು’ ಎಂಬಂಥ ಪದದ ತುಣುಕು ಅಷ್ಟೇ ಉಳಿದಿರಬಹುದು. ಹಾಗಿದ್ದರೆ ಎಷ್ಟು ಗಾಡಿ ಎನ್ನುವುದನ್ನು ಪತ್ರ ಹೇಳುವುದೇ ಇಲ್ಲ. ಮನೆಯಲ್ಲಿ ಯಾರಾದರೂ ಒಂಬತ್ತು ಗಾಡಿಯ ಕಥೆ ಹೇಳತೊಡಗುವ ಮುಂಚೆ ಇದನ್ನು ತಿಳಿಸಿಬಿಡಿ.

ಬಾವಿಕಟ್ಟೆಯ ಪದದಲ್ಲಿ ನಡುವಿನ ಅಕ್ಷರ ಳೆ, ಗೆ ಎರಡರಂತೆಯೂ ಕಾಣುತ್ತದೆ. ರಂಗೋಲಿಯ ಮಾತು ಹಿಂದೆಯೇ ಬಂದಿರುವುದರಿಂದ ಅಜ್ಜಿ ತೊಳೆದಿದ್ದಾರೆ ಎಂದು ಓದಿದೆ.

ಇನ್ನು ಆ ಒಂದು ಪದ. ‘ಬೇ’ ಸ್ಪಷ್ಟವಾಗಿದೆ. ಅದರ ನಂತರದ ಅಕ್ಷರ ಸರಿಯಾಗಿ ಮಡಿಕೆಯ ಮೇಲೆ ಬಿದ್ದು ನೀಲಿ ಕಲೆಯಾಗಿದೆ. ಕಲೆಯ ಬಲಗಡೆ ಕೂದಲೆಳೆಯಷ್ಟು ಒಂದು ಗೆರೆ ಹೊರಗೆ ಇಣುಕುತ್ತದೆ. ಅದು ‘ಕು’ವಿನ ಕೊಂಬು ಆಗಿರಬಹುದು, ‘ಡ’ ಬರೆದು ಮುಂದಿನ ಪದಕ್ಕೆ ಎಳೆದ ಗೆರೆಯೂ ಆಗಿರಬಹುದು. ಮುಂದಿನ ವಾಕ್ಯಗಳೂ ಎರಡು ಕಡೆಗೂ ಎಳೆಯುತ್ತವೆ. ದಾರಿ ಕೆಟ್ಟಿದೆ ಎನ್ನುವುದು ಬೇಡ ಎನ್ನುವವರ ಮಾತು, ದೋಣಿಯ ಹೊತ್ತು ತಿಳಿಸುವುದು ಬಾ ಎನ್ನುವವರ ಮಾತು. ಇಲ್ಲಿ ಯಾವುದು ಮೊದಲು ಬಂದಿದೆ ಎನ್ನುವುದಕ್ಕೆ ಅರ್ಥವಿಲ್ಲ, ಒಂದನ್ನು ಮೊದಲು ಬರೆಯಲೇಬೇಕಿತ್ತು ಅಷ್ಟೆ. ಅತ್ತೆ ಆ ವರ್ಷ ತವರಿಗೆ ಬರಲಿಲ್ಲ ಎಂದು ನನ್ನ ಅಪ್ಪ ಹೇಳುತ್ತಿದ್ದರು. ಅಜ್ಜನೇ ಬೇಡವೆಂದರು ಎಂದೂ ಮನೆಯಲ್ಲಿ ಮಾತಿತ್ತು. ಆ ಮಾತನ್ನು ಕೇಳಿ ಬೆಳೆದ ನನ್ನ ಕಣ್ಣಿಗೆ ಕಲೆಯೊಳಗೆ ‘ಡ’ ಮೊದಲು ಕಂಡಿತು. ಆದ್ದರಿಂದಲೇ ನನ್ನ ಕಣ್ಣನ್ನು ನಂಬಲು ನಾನು ಸಿದ್ಧನಿಲ್ಲ. ಪತ್ರದಲ್ಲಿರುವ ಏಳು ತಿಂಗಳ ಕೂಸು ನೀವು. ಆ ಪದವನ್ನು ಊಹೆಯಿಂದ ತುಂಬಿ ನಿಮ್ಮ ಕೈಗೆ ಕೊಡಲಾರೆ.

ಒಂದು ಕೆಲಸ ಮಾಡಿ. ಎರಡನೇ ಫೋಟೊದ ಆ ಭಾಗವನ್ನು ಮತ್ತೊಮ್ಮೆ ತೆಗೆಯಿರಿ. ಫ್ಲ್ಯಾಷ್ ಬೇಡ. ಬೆಳಗಿನ ಹೊತ್ತು ಕಿಟಕಿಯ ಪಕ್ಕ ಇಟ್ಟರೆ ಬೆಳಕು ಓರೆಯಾಗಿ ಬೀಳುತ್ತದೆ. ಹಿಂಬದಿಯನ್ನೂ ತೆಗೆಯಿರಿ. ಅಜ್ಜ ಒತ್ತಿ ಬರೆಯುತ್ತಿದ್ದರು, ಮಸಿ ಹರಡಿದರೂ ಮುಳ್ಳು ಒತ್ತಿದ ಗುರುತು ಕಾಗದದ ಹಿಂದೆ ಉಳಿದಿರಬಹುದು. ಮಡಿಕೆ ಬಿಡಿಸಲು ಇಸ್ತ್ರಿ ಇಡಬೇಡಿ, ಕಲೆಗೆ ನೀರು ಮುಟ್ಟಿಸಬೇಡಿ. ಹೊಸ ಫೋಟೊ ಬರುವವರೆಗೆ ಯಾರಿಗೆ ಪ್ರತಿ ಕೊಟ್ಟರೂ ಆವರಣಗಳನ್ನು ತೆಗೆಯದೆ ಕೊಡಿ.