ಮುಂದಿನ ಒಂದು ವರ್ಷದ ಕಲಿಕೆಯ ಯೋಜನೆ

ಯಾರಿಗೆ: ಚೈತ್ರಾ, ಟ್ರೈನಿ ಸೈಟ್ ಇಂಜಿನಿಯರ್, ಕನಕಪುರ ರಸ್ತೆಯ ಅಪಾರ್ಟ್‌ಮೆಂಟ್ ಸೈಟ್, ಬೆಂಗಳೂರು
ಅವಧಿ: 2025ರ ಆಗಸ್ಟ್‌ನಿಂದ 2026ರ ಜುಲೈವರೆಗೆ
ಬರೆದವರು: ಸೈಟಿನ ಸೀನಿಯರ್ ಇಂಜಿನಿಯರ್, ನಾವಿಬ್ಬರೂ ಕೂತು ಮಾತಾಡಿದ ಮೇಲೆ

ಗುರಿ

2026ರ ಜುಲೈ ಹೊತ್ತಿಗೆ ಒಂದು ಫ್ಲೋರಿನ ಸ್ಲ್ಯಾಬನ್ನು ಸೆಂಟ್ರಿಂಗ್‌ನಿಂದ ಕ್ಯೂರಿಂಗ್‌ವರೆಗೆ ನೀವೇ ನೋಡಿಕೊಳ್ಳಬೇಕು. ಪೋರ್ ಕಾರ್ಡಿನಲ್ಲಿ ಮೊದಲ ಸಹಿ ನಿಮ್ಮದು, ಆಮೇಲೆ ನನ್ನದು. ಮುಂದೆ ಡಿಸೈನ್ ಕಡೆ ಹೋಗಬೇಕು ಅಂದಿದ್ದೀರಿ. ಅದಕ್ಕೂ ಇದೇ ದಾರಿ. ಬೀಮು, ಕಾಲಂ ಸೇರುವ ಕಡೆ ಕಂಬಿ ಎಷ್ಟು ಇಕ್ಕಟ್ಟಾಗುತ್ತದೆ ಅಂತ ಕಣ್ಣಾರೆ ಕಂಡವರು, ಡಿಸೈನ್ ಮಾಡುವಾಗ ವೈಬ್ರೇಟರ್ ಸೂಜಿ ಇಳಿಯಲು ಜಾಗ ಬಿಡುತ್ತಾರೆ.

ಈಗ ಎಲ್ಲಿದ್ದೀರಿ

ಲೆಕ್ಕ ಚುರುಕು. ಬಿಬಿಎಸ್ ಅಚ್ಚುಕಟ್ಟಾಗಿ ಮಾಡುತ್ತೀರಿ. ಆದರೆ ಮೇಸ್ತ್ರಿ ಜೋರಾಗಿ ಮಾತಾಡಿದರೆ ಸುಮ್ಮನಾಗಿಬಿಡುತ್ತೀರಿ. ಟೇಪ್ ಹಿಡಿದು ಅಳತೆ ತೋರಿಸಿದರೆ ಯಾವ ಮೇಸ್ತ್ರಿಯೂ ಜಾಸ್ತಿ ವಾದ ಮಾಡುವುದಿಲ್ಲ. ಹಾಗಾಗಿ ಈ ವರ್ಷದ ಕಲಿಕೆಯೆಲ್ಲ ಅಳತೆಯ ಸುತ್ತಲೇ ಇದೆ.

ಆಗಸ್ಟ್‌ನಿಂದ ನವೆಂಬರ್: ಕಂಬಿ ಮತ್ತು ಸೆಂಟ್ರಿಂಗ್

ಬೆಳಿಗ್ಗೆ ಮೊದಲ ಒಂದು ಗಂಟೆ ಬಾರ್ ಬೆಂಡರ್‌ಗಳ ಜೊತೆ ಇರಿ. ಡ್ರಾಯಿಂಗ್ ಕೈಯಲ್ಲೇ ಇರಲಿ. ಕಂಬಿಯ ಅಂತರ, ಲ್ಯಾಪ್ ಬಿದ್ದ ಜಾಗ, ಕವರ್ ಬ್ಲಾಕ್, ಚೇರ್ ಎಲ್ಲವನ್ನೂ ಮುಟ್ಟಿ ನೋಡಿ. ಐಎಸ್ 456 ಪ್ರಕಾರ ಕಾಲಮ್ಮಿಗೆ ಸಾಮಾನ್ಯವಾಗಿ 40 ಮಿ.ಮೀ. ಕವರ್ ಬೇಕು. ಸ್ಲ್ಯಾಬಿನ ಮೇಲಿನ ಕಂಬಿಯನ್ನು ಜನ ತುಳಿದು ತುಳಿದು ಕೆಳಗಿಳಿಸುತ್ತಾರೆ, ಕಾಂಕ್ರೀಟ್ ಬೀಳುವ ಹೊತ್ತಿಗೆ ಅದನ್ನು ಇನ್ನೊಮ್ಮೆ ನೋಡಲೇಬೇಕು. ಮಳೆ ಬಂದ ಮಾರನೇ ದಿನ, ಮಣ್ಣಿನ ಮೇಲೆ ನಿಂತ ಪ್ರತಿಯೊಂದು ಪ್ರಾಪ್‌ನ ಬುಡ ನೋಡಿ.

ಡಿಸೆಂಬರ್‌ನಿಂದ ಮಾರ್ಚ್: ಕಾಂಕ್ರೀಟ್

ಹೆಚ್ಚು ಸಮಯ ಇಲ್ಲಿ ಕೊಡಿ. ಆರ್‌ಎಂಸಿ ಗಾಡಿ ಬಂದ ಕೂಡಲೇ ಮೊದಲು ನೋಡಬೇಕಾದದ್ದು ಸ್ಲಿಪ್ಪಿನ ಮೇಲಿನ ಲೋಡಿಂಗ್ ಸಮಯ. ಐಎಸ್ 4926 ಹೇಳುವುದು, ಲೋಡ್ ಮಾಡಿದ 2 ಗಂಟೆಯೊಳಗೆ ಕಾಂಕ್ರೀಟ್ ಇಳಿಸಬೇಕು ಅಂತ. ನಮ್ಮ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಯಾವಾಗ ಕಳೆಯಿತು ಅಂತಲೇ ಗೊತ್ತಾಗುವುದಿಲ್ಲ, ಅಲ್ವಾ?

ಗಾಡಿ ತಡವಾಗಿ ಬಂದರೆ ಮಾಲು ಗಟ್ಟಿಯಾಗಿರುತ್ತದೆ. ಪಂಪಿನವರು "ಸ್ವಲ್ಪ ನೀರು ಹಾಕಿ ಮೇಡಂ" ಅನ್ನುತ್ತಾರೆ. ಬೇಡ ಅನ್ನಿ. ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಒಂದು ಕ್ಯೂಬಿಕ್ ಮೀಟರಿಗೆ 340 ಕೆ.ಜಿ. ಸಿಮೆಂಟು, 170 ಲೀಟರ್ ನೀರು ಅಂದುಕೊಳ್ಳಿ. ನೀರು-ಸಿಮೆಂಟ್ ಅನುಪಾತ 0.50. 6 ಕ್ಯೂಬಿಕ್ ಮೀಟರ್ ಗಾಡಿಗೆ 60 ಲೀಟರ್ ನೀರು ಸುರಿದರೆ ಅದು 0.53ಕ್ಕೆ ಏರುತ್ತದೆ. ಬಲ ಅಲ್ಲೇ ಇಳಿಯುತ್ತದೆ. ಅವಧಿ ಇನ್ನೂ ಇದ್ದರೆ ಪ್ಲಾಂಟಿನ ಕ್ಯೂಸಿಯವರನ್ನು ಕರೆದು ಅಡ್‌ಮಿಕ್ಸ್ಚರ್ ಹಾಕಿಸಿ, ಸ್ಲಂಪ್ ಮತ್ತೆ ನೋಡಿ. ಆಗದಿದ್ದರೆ ಗಾಡಿ ವಾಪಸ್. ವಾಪಸ್ ಕಳಿಸುವ ಅಧಿಕಾರ ಇವತ್ತಿನಿಂದಲೇ ನಿಮಗಿದೆ. ಆಮೇಲೆ ಬರುವ ಫೋನ್‌ಗಳಿಗೆ ನಾನು ಉತ್ತರ ಕೊಡುತ್ತೇನೆ.

ಕ್ಯೂಬ್‌ಗಳನ್ನು ನೀವೇ ನಿಂತು ತುಂಬಿಸಿ. 7 ಮತ್ತು 28 ದಿನದ ಫಲಿತಾಂಶವನ್ನು ಅದೇ ಗಾಡಿಯ ಸ್ಲಿಪ್ಪಿನ ಜೊತೆ ಇಟ್ಟು ಓದಿ. ಕ್ಯೂರಿಂಗ್ ಬೇಸಿಗೆಯಲ್ಲೇ ಜಾಸ್ತಿ ಕೆಡುವುದು. ಒಪಿಸಿಗೆ ಕನಿಷ್ಠ 7 ದಿನ, ಪಿಪಿಸಿಗೆ 10 ದಿನ. ಮಾರ್ಚ್‌ನಲ್ಲಿ ಟ್ಯಾಂಕರ್ ನೀರು ಸಿಗುವುದು ಕಷ್ಟ, ಫೆಬ್ರವರಿಯಲ್ಲೇ ಸ್ಟೋರ್‌ನವರಿಗೆ ಹೇಳಿಡಿ.

ಏಪ್ರಿಲ್‌ನಿಂದ ಜುಲೈ: ನಿಮ್ಮ ಸ್ಲ್ಯಾಬ್

ಒಂದು ಫ್ಲೋರು ಪೂರ್ತಿ ನಿಮ್ಮದು. ಪ್ರಾಪ್ ಬಿಚ್ಚುವ ದಿನವನ್ನೂ ನೀವೇ ಹೇಳಬೇಕು. ಸ್ಲ್ಯಾಬಿನ ಸ್ಪ್ಯಾನ್ 4.5 ಮೀಟರ್‌ವರೆಗೆ ಇದ್ದರೆ ಕನಿಷ್ಠ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ. ಇದು ಒಪಿಸಿಗೆ. ಬೇರೆ ಸಿಮೆಂಟಾದರೆ ಕ್ಯೂಬ್ ನೋಡಿ ನಿರ್ಧರಿಸಿ. ಮೇಲಿನ ಫ್ಲೋರಿನ ಭಾರ ಕೆಳಗೆ ಬರುತ್ತಿದ್ದರೆ ಕನ್ಸಲ್ಟೆಂಟ್‌ರನ್ನು ಕೇಳದೆ ಒಂದು ಪ್ರಾಪನ್ನೂ ತೆಗೆಸಬೇಡಿ. ಈ ನಾಲ್ಕು ತಿಂಗಳು ಶನಿವಾರ ಮಧ್ಯಾಹ್ನ ಡಿಸೈನ್ ಆಫೀಸಿನಲ್ಲಿ ಕೂರಲು ವ್ಯವಸ್ಥೆ ಮಾಡಿದ್ದೇನೆ. ಡಿಸೈನ್ ಸಾಫ್ಟ್‌ವೇರ್ ಕೋರ್ಸಿಗೆ ಈಗಲೇ ದುಡ್ಡು ಕಟ್ಟಬೇಡಿ. ಡಿಸೈನ್ ಆಫೀಸಿನಲ್ಲಿ ಮೊದಲು ಒಂದು ಬೀಮನ್ನು ಕೈಯಲ್ಲೇ ಡಿಸೈನ್ ಮಾಡಿ.

ಜೊತೆಗೆ

ಕೆಲಸಕ್ಕೆ ಬೇಕಾದಷ್ಟು ಹಿಂದಿ ಕಲಿಯಿರಿ, ಬೆಂಡರ್‌ಗಳಲ್ಲಿ ಅರ್ಧ ಜನ ಹೊರಗಿನವರು. ಹಾರ್ನೆಸ್ ಇಲ್ಲದೆ ಅಂಚಿನಲ್ಲಿ ಯಾರೇ ನಿಂತಿದ್ದರೂ ಕೆಲಸ ನಿಲ್ಲಿಸಿ, ಅದು ನಾನಾಗಿದ್ದರೂ ಸರಿ. ರಾತ್ರಿ ಪೋರ್ ಇದ್ದರೆ ಮಾರನೇ ದಿನ ರಜೆ. ನಿದ್ದೆಗೆಟ್ಟು ಮೇಲೆ ಹತ್ತುವುದು ಬೇಡ.

ನನ್ನ ಪಾಲು

ಪ್ರತಿ ಸೋಮವಾರ ಸಂಜೆ ಅರ್ಧ ಗಂಟೆ ನಿಮಗೇ ಮೀಸಲು. ಜನರ ಮುಂದೆ ನಿಮ್ಮ ನಿರ್ಧಾರ ಬದಲಿಸುವುದಿಲ್ಲ. ಬದಲಿಸಬೇಕು ಅನ್ನಿಸಿದರೆ ಪಕ್ಕಕ್ಕೆ ಕರೆದು ಹೇಳುತ್ತೇನೆ.

ಮೊದಲ ರಿವ್ಯೂ ನವೆಂಬರ್ ಕೊನೆಯ ವಾರ. ನೀವು ಪರೀಕ್ಷಿಸಿದ ಸ್ಲ್ಯಾಬುಗಳ ಚೆಕ್‌ಲಿಸ್ಟ್, ಫೋಟೋ, ಮತ್ತು ಬೇಡ ಅಂದು ಬಿಚ್ಚಿಸಿ ಮತ್ತೆ ಕಟ್ಟಿಸಿದ ಕೆಲಸ ಯಾವುದಾದರೂ ಇದ್ದರೆ ಅದರ ವಿವರ ತನ್ನಿ.