ಮತ ಜಾಸ್ತಿ, ಸೀಟು ಕಡಿಮೆ ಹೇಗೆ? ಕರ್ನಾಟಕ ವಿಧಾನಸಭೆ ಫಲಿತಾಂಶ 2004–2023 | ಅಂಕಿಅಂಶ ವಿವರಣೆ

ವಿವರಣೆ

2018ರಲ್ಲಿ ಕಾಂಗ್ರೆಸ್‌ಗೆ ಸುಮಾರು ಶೇ 38 ಮತ, 80 ಸೀಟು. ಬಿಜೆಪಿಗೆ ಸುಮಾರು ಶೇ 36 ಮತ, 104 ಸೀಟು. ಇದು ಹೇಗೆ ಆಗುತ್ತದೆ? ಕರ್ನಾಟಕದ ಐದು ವಿಧಾನಸಭೆ ಚುನಾವಣೆಗಳ ಲೆಕ್ಕ ಇಟ್ಟುಕೊಂಡು ಈ ವಿಡಿಯೋದಲ್ಲಿ ವಿವರಿಸಿದ್ದೇವೆ.

ವಿಡಿಯೋ ಶುರುವಾಗುವುದು ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಿಂದ. 2004ರಲ್ಲಿ ಅಲ್ಲಿ ಕಾಂಗ್ರೆಸ್‌ನ ಆರ್. ಧ್ರುವನಾರಾಯಣ ಅವರಿಗೆ 40,752 ಮತ ಬಂತು. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಬಿಜೆಪಿ ಅಭ್ಯರ್ಥಿ ಗೆದ್ದಿದ್ದು 16 ಮತಗಳಿಂದ. ಅದೇ ಚುನಾವಣೆಯಲ್ಲಿ ಕನಕಪುರದಲ್ಲಿ ಕಾಂಗ್ರೆಸ್‌ನ ಡಿ.ಕೆ. ಶಿವಕುಮಾರ್ ಅವರ ಅಂತರ 1,22,392. ವಿಧಾನಸೌಧದಲ್ಲಿ ಈ ಮೂರೂ ಗೆಲುವಿಗೆ ಸಿಕ್ಕಿದ್ದು ತಲಾ ಒಂದು ಕುರ್ಚಿ. ನಮ್ಮ ಪದ್ಧತಿಯಲ್ಲಿ ಕ್ಷೇತ್ರದಲ್ಲಿ ಯಾರಿಗೆ ಎಲ್ಲರಿಗಿಂತ ಜಾಸ್ತಿ ಮತವೋ ಅವರೇ ಶಾಸಕರು. ಅರ್ಧಕ್ಕಿಂತ ಹೆಚ್ಚು ಮತ ಬರಲೇಬೇಕು ಎಂದಿಲ್ಲ. ಎಷ್ಟು ಅಂತರದಿಂದ ಗೆದ್ದರೂ ಒಂದೇ ಸೀಟು.

ಇದನ್ನು ಕಪ್ಪುಹಲಗೆಯ ಮೇಲೆ ಹೀಗೆ ಬರೆದಿದ್ದೇವೆ. ಮೂರು ಕ್ಷೇತ್ರ, ಒಂದೊಂದರಲ್ಲೂ 100 ಮತ. ‘ಕ’ ಪಕ್ಷಕ್ಕೆ ಮೊದಲ ಕ್ಷೇತ್ರದಲ್ಲಿ 90, ಉಳಿದ ಎರಡರಲ್ಲಿ 45, 45. ಒಟ್ಟು 180. ‘ಖ’ ಪಕ್ಷಕ್ಕೆ 10, 55, 55. ಒಟ್ಟು 120. ‘ಕ’ಗೆ ಶೇ 60 ಮತ, ಆದರೆ ಒಂದೇ ಸೀಟು. ‘ಖ’ಗೆ ಶೇ 40 ಮತ, ಎರಡು ಸೀಟು. ಎಣಿಕೆಯಲ್ಲಿ ಏನೂ ತಪ್ಪಿಲ್ಲ. ಮತ ಎಷ್ಟು ಬಂತು ಅನ್ನುವುದರ ಜೊತೆಗೆ ಎಲ್ಲೆಲ್ಲಿ ಬಂತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ, ಅಷ್ಟೇ.

ಇನ್ನು ನಿಜವಾದ ಅಂಕಿಗಳು. ಒಟ್ಟು ಸ್ಥಾನ 224, ಬಹುಮತಕ್ಕೆ 113. ಶೇಕಡಾವಾರನ್ನು ಹತ್ತಿರದ ಪೂರ್ಣ ಸಂಖ್ಯೆಗೆ ತಂದಿದ್ದೇವೆ. 2008ರಲ್ಲಿ ಅಂತರ ತೀರಾ ಸಣ್ಣದು, ಹಾಗಾಗಿ ಅಲ್ಲಿ ಮಾತ್ರ ದಶಮಾಂಶ ಬಿಟ್ಟಿಲ್ಲ. ಪ್ರತಿ ವರ್ಷವೂ ಹೆಚ್ಚು ಸೀಟು ಬಂದ ಪಕ್ಷ ಮೊದಲು.

2004: ಬಿಜೆಪಿ ಶೇ 28, 79 ಸೀಟು. ಕಾಂಗ್ರೆಸ್ ಶೇ 35, 65 ಸೀಟು. ಜೆಡಿಎಸ್ ಶೇ 21, 58 ಸೀಟು.
2008: ಬಿಜೆಪಿ ಶೇ 33.9, 110 ಸೀಟು. ಕಾಂಗ್ರೆಸ್ ಶೇ 34.8, 80 ಸೀಟು. ಜೆಡಿಎಸ್ ಶೇ 19, 28 ಸೀಟು.
2013: ಕಾಂಗ್ರೆಸ್ ಶೇ 37, 122 ಸೀಟು. ಬಿಜೆಪಿ ಮತ್ತು ಜೆಡಿಎಸ್ ತಲಾ ಸುಮಾರು ಶೇ 20, ತಲಾ 40 ಸೀಟು. ಬಿ.ಎಸ್. ಯಡಿಯೂರಪ್ಪ ನೇತೃತ್ವದ ಕೆಜೆಪಿ ಶೇ 10, 6 ಸೀಟು.
2018: ಬಿಜೆಪಿ ಶೇ 36, 104 ಸೀಟು. ಕಾಂಗ್ರೆಸ್ ಶೇ 38, 80 ಸೀಟು. ಜೆಡಿಎಸ್ ಶೇ 18, 37 ಸೀಟು.
2023: ಕಾಂಗ್ರೆಸ್ ಶೇ 43, 135 ಸೀಟು. ಬಿಜೆಪಿ ಶೇ 36, 66 ಸೀಟು. ಜೆಡಿಎಸ್ ಶೇ 13, 19 ಸೀಟು.

2004ರ ಸಾಲು ಓದುವಾಗ ಒಂದು ವಿಷಯ ನೆನಪಿರಲಿ. ಆ ಸಲ ಬಿಜೆಪಿ ಜೆಡಿಯು ಜೊತೆ ಹೊಂದಾಣಿಕೆ ಮಾಡಿಕೊಂಡಿತ್ತು. ಎಲ್ಲ 224 ಕ್ಷೇತ್ರಗಳಲ್ಲೂ ಅಭ್ಯರ್ಥಿ ನಿಲ್ಲಿಸಿರಲಿಲ್ಲ. ಸ್ಪರ್ಧಿಸದ ಕಡೆ ಮತವೂ ಬರುವುದಿಲ್ಲ ಅಲ್ವಾ? ಹಾಗಾಗಿ ಅದರ ಶೇಕಡಾವಾರು ಸ್ವಲ್ಪ ಕಡಿಮೆ ಕಾಣುತ್ತದೆ.

2013ರಲ್ಲಿ ಕೆಜೆಪಿ ಸಾಲು ನೋಡಿ. ಬಿಜೆಪಿ ಅಥವಾ ಜೆಡಿಎಸ್‌ಗೆ ಬಂದ ಮತದ ಅರ್ಧದಷ್ಟು ಬಂದಿದೆ. ಸೀಟು ಮಾತ್ರ 40ರ ಅರ್ಧ 20 ಅಲ್ಲ, 6.

ನಾವು ಹೆಚ್ಚು ಹೊತ್ತು ನಿಂತಿರುವುದು 2018 ಮತ್ತು 2023ರ ಮೇಲೆ. ಎರಡರಲ್ಲೂ ಬಿಜೆಪಿಯ ಒಟ್ಟು ಮತ ಪ್ರಮಾಣ ಹೆಚ್ಚು ಕಡಿಮೆ ಒಂದೇ. ಆದರೆ ಸೀಟು 104ರಿಂದ 66ಕ್ಕೆ ಬಂತು. ಹಳೇ ಮೈಸೂರು ಭಾಗದಲ್ಲಿ ಅದರ ಮತ ಏರಿತು, ಬೇರೆ ಹಲವು ಕಡೆ ಇಳಿಯಿತು. ಏರಿದ ಕಡೆ ಗೆಲುವಿನ ಗೆರೆ ದಾಟಲಿಲ್ಲ, ಇಳಿದ ಕಡೆ ಸೀಟು ಹೋಯಿತು. ಇದೇ ಅವಧಿಯಲ್ಲಿ ಕಾಂಗ್ರೆಸ್ ಮತ ಸುಮಾರು 5 ಅಂಶ ಏರಿತು, ಜೆಡಿಎಸ್ ಮತ ಸುಮಾರು 5 ಅಂಶ ಇಳಿಯಿತು. ಅಂದ ಮಾತ್ರಕ್ಕೆ ಇವರ ಮತ ಹಾಗೇ ಅವರಿಗೆ ಹೋಯಿತು ಎಂದು ನಾವು ಹೇಳುವುದಿಲ್ಲ. ಮತದಾನ ಗುಟ್ಟಾಗಿ ನಡೆಯುತ್ತದೆ. ಒಟ್ಟು ಮೊತ್ತ ನೋಡಿ ಒಬ್ಬೊಬ್ಬ ಮತದಾರರ ಮನಸ್ಸು ಓದಲು ಆಗುವುದಿಲ್ಲ.

ಈ ಪದ್ಧತಿ ಸರಿಯೋ ತಪ್ಪೋ? ಎರಡೂ ಕಡೆಯ ವಾದ ಕೊನೆಯಲ್ಲಿದೆ. ಮತದ ಪ್ರಮಾಣಕ್ಕೆ ತಕ್ಕಂತೆ ಸೀಟು ಕೊಡಬೇಕು ಎನ್ನುವವರು ಮೇಲಿನ ಅಂಕಿಗಳನ್ನೇ ತೋರಿಸುತ್ತಾರೆ. ಈಗಿನದೇ ಇರಲಿ ಎನ್ನುವವರು ಸರ್ಕಾರ ಗಟ್ಟಿಯಾಗಿ ನಿಲ್ಲಬೇಕು, ಊರಿಗೊಬ್ಬ ಶಾಸಕ ಕೈಗೆ ಸಿಗಬೇಕು ಎನ್ನುತ್ತಾರೆ. 1949ರಲ್ಲಿ ಸಂವಿಧಾನ ಸಭೆಯಲ್ಲೂ ಈ ಪ್ರಶ್ನೆ ಬಂದಿತ್ತು. ಆಗ ಡಾ. ಬಿ.ಆರ್. ಅಂಬೇಡ್ಕರ್ ಪ್ರಮಾಣಾನುಗುಣ ಪದ್ಧತಿಯನ್ನು ಒಪ್ಪಲಿಲ್ಲ. ರಾಜ್ಯಸಭೆ, ವಿಧಾನ ಪರಿಷತ್ತು, ರಾಷ್ಟ್ರಪತಿ ಮತ್ತು ಉಪರಾಷ್ಟ್ರಪತಿ ಚುನಾವಣೆಗಳಲ್ಲಿ ನಮ್ಮಲ್ಲಿ ಆ ಬಗೆಯ ಪದ್ಧತಿ ಇದೆ.

ಅಂಕಿಗಳನ್ನೆಲ್ಲ ಭಾರತ ಚುನಾವಣಾ ಆಯೋಗ ಪ್ರಕಟಿಸಿದ ಫಲಿತಾಂಶದಿಂದ ತೆಗೆದುಕೊಂಡಿದ್ದೇವೆ. eci.gov.in ನಲ್ಲಿ ನೀವೇ ನೋಡಬಹುದು. ಮತಗಟ್ಟೆ ಸಮೀಕ್ಷೆ ಬಳಸಿಲ್ಲ. ಈ ವಿಡಿಯೋಗೆ ಯಾವ ಪಕ್ಷದಿಂದಲೂ, ಅಭ್ಯರ್ಥಿಯಿಂದಲೂ ಹಣ ಪಡೆದಿಲ್ಲ. ಗ್ರಾಫ್‌ಗಳಿಗೆ ಪಕ್ಷದ ಬಣ್ಣ ಹಾಕಿಲ್ಲ, ಎಲ್ಲವೂ ಬೂದು. ಮನೆಯಲ್ಲಿ ಬೇರೆ ಬೇರೆ ಪಕ್ಷಕ್ಕೆ ಮತ ಹಾಕುವವರು ಒಟ್ಟಿಗೆ ಕೂತು ನೋಡುವಂತೆ ಇರಬೇಕು ಎಂಬುದು ನಮ್ಮ ಆಸೆ.

ತಿದ್ದುಪಡಿ

ಮೊದಲು ಹಾಕಿದ ವಿಡಿಯೋದಲ್ಲಿ 2018ರ ಕಾಂಗ್ರೆಸ್ ಸೀಟು 78 ಎಂದು ತೋರಿಸಿದ್ದೆವು. ಅದು ಮೇ 15ರ ಎಣಿಕೆಯ ಸಂಖ್ಯೆ, ಆಗ ಮತದಾನ ಆಗಿದ್ದು 222 ಕ್ಷೇತ್ರಗಳಲ್ಲಿ. ಮುಂದೂಡಿದ್ದ ರಾಜರಾಜೇಶ್ವರಿನಗರ ಮತ್ತು ಜಯನಗರದ ಫಲಿತಾಂಶ ಸೇರಿದರೆ 80. ತಪ್ಪು ನಮ್ಮದೇ. ವಿಡಿಯೋ ತೆಗೆದು, ಸರಿಮಾಡಿ ಮತ್ತೆ ಹಾಕಿದ್ದೇವೆ. ಬೇರೆ ತಪ್ಪು ಕಂಡರೆ ನಿಮಿಷ, ಸೆಕೆಂಡ್ ಸಮೇತ ತಿಳಿಸಿ. ಸರಿ ಇದ್ದರೆ ಇಲ್ಲಿಯೇ ಸೇರಿಸುತ್ತೇವೆ.

ಅಧ್ಯಾಯಗಳು

00:00 ಸಂತೇಮರಹಳ್ಳಿ, 2004: ಒಂದು ಮತದ ಅಂತರ
01:10 ಜಯನಗರದ 16, ಕನಕಪುರದ 1,22,392
02:25 ಕಪ್ಪುಹಲಗೆ ಲೆಕ್ಕ: ಮೂರು ಕ್ಷೇತ್ರ, ಎರಡು ಪಕ್ಷ
04:40 2004 ಮತ್ತು 2008ರ ಫಲಿತಾಂಶ
06:30 2013: ಸಮ ಪ್ರಮಾಣ, ಸಮ ಸೀಟು
07:45 2018 ಮತ್ತು 2023: ಮತ ಎಲ್ಲಿ ಏರಿತು, ಎಲ್ಲಿ ಇಳಿಯಿತು
11:50 ಈ ಅಂಕಿಗಳಿಂದ ಏನು ಹೇಳಲು ಆಗುವುದಿಲ್ಲ
13:05 ಬೇರೆ ಪದ್ಧತಿ ಬೇಕೆ? ಎರಡೂ ವಾದ

ಥಂಬ್‌ನೇಲ್ ಬರಹ

ಕರ್ನಾಟಕ 2018
ಶೇ 36 ಮತ: 104 ಸೀಟು
ಶೇ 38 ಮತ: 80 ಸೀಟು
(ಹಿನ್ನೆಲೆ: ವಿಧಾನಸೌಧದ ಚಿತ್ರ. ನಾಯಕರ ಮುಖ, ಪಕ್ಷದ ಚಿಹ್ನೆ, ಕೆಂಪು ಬಾಣ ಇಲ್ಲ.)

ಟ್ಯಾಗ್‌ಗಳು

ಕರ್ನಾಟಕ ವಿಧಾನಸಭೆ ಚುನಾವಣೆ, ಚುನಾವಣಾ ಫಲಿತಾಂಶ 2023, ಚುನಾವಣಾ ಫಲಿತಾಂಶ 2018, ಮತ ಪ್ರಮಾಣ, ಮತ ಮತ್ತು ಸೀಟು, ಗೆಲುವಿನ ಅಂತರ, ವಿಧಾನಸಭೆ ಬಹುಮತ 113, ಪ್ರಮಾಣಾನುಗುಣ ಪ್ರಾತಿನಿಧ್ಯ, ಭಾರತ ಚುನಾವಣಾ ಆಯೋಗ, ಕನ್ನಡದಲ್ಲಿ ಚುನಾವಣೆ ವಿವರಣೆ, ಪೌರನೀತಿ ಪಾಠ

#ಕರ್ನಾಟಕಚುನಾವಣೆ #ಮತಪ್ರಮಾಣ #ಚುನಾವಣೆಲೆಕ್ಕ

ಭಾಷೆ: ಕನ್ನಡ. ಸಬ್‌ಟೈಟಲ್: ಕನ್ನಡ, ನಾವೇ ಟೈಪ್ ಮಾಡಿದ್ದು. ವರ್ಗ: ಶಿಕ್ಷಣ. ಪ್ಲೇಲಿಸ್ಟ್: ಚುನಾವಣೆ ಹೇಗೆ ನಡೆಯುತ್ತದೆ.